ವಿಚಾರಣೆಯ ಗೋಪ್ಯತೆ: ಯಾರಿಂದ ಮರೆ, ಯಾರಿಗೆ ತೆರೆ?



ಗೋವೆಯ ಒಂದು ಪುಟ್ಟ ಕನ್ನಡ ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಎಂಟು ಮಂದಿ ನೌಕರರಿದ್ದಾರೆ. ಒಬ್ಬ ಶಿಕ್ಷಕಿ ಸಹೋದ್ಯೋಗಿಯ ವಿರುದ್ಧ ಲೈಂಗಿಕ ಕಿರುಕುಳದ ದೂರು ನೀಡುತ್ತಾರೆ. ನೌಕರರು ಹತ್ತಕ್ಕಿಂತ ಕಡಿಮೆ ಇರುವುದರಿಂದ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಮರುದಿನ ಪಾಲಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಾಲು ಕಾಣಿಸುತ್ತದೆ: ‘ನಾಲ್ಕನೆಯ ತರಗತಿಯ ಟೀಚರ್ ದೂರು ಕೊಟ್ಟಿದ್ದಾರಂತೆ.’ ಹೆಸರಿಲ್ಲ, ನಿಜ. ಆದರೆ ನಾಲ್ಕನೆಯ ತರಗತಿಗೆ ಒಬ್ಬರೇ ಟೀಚರ್ ಇರುವಲ್ಲಿ ತರಗತಿಯೇ ಹೆಸರು.

2013ರ ಕಾಯಿದೆಯ 16ನೆಯ ಕಲಮು ತಡೆಯುವುದು ಇದನ್ನೇ. ದೂರಿನ ಒಕ್ಕಣೆ, ದೂರುದಾರೆ, ಪ್ರತಿವಾದಿ ಹಾಗೂ ಸಾಕ್ಷಿಗಳ ಗುರುತು ಮತ್ತು ವಿಳಾಸ, ಸಂಧಾನ ಹಾಗೂ ವಿಚಾರಣೆಯ ವಿವರ, ಸಮಿತಿಯ ಶಿಫಾರಸು, ಕೈಗೊಂಡ ಕ್ರಮ ಇವು ಯಾವುವೂ ಸಾರ್ವಜನಿಕರಿಗಾಗಲಿ ಪತ್ರಿಕೆಗಾಗಲಿ ತಿಳಿಯಕೂಡದು. ನ್ಯಾಯ ದೊರೆತ ಸಂಗತಿಯನ್ನು ಮಾತ್ರ, ದೂರುದಾರೆಯ ಮತ್ತು ಸಾಕ್ಷಿಗಳ ಗುರುತು ಹೊರಬೀಳದಂತೆ ಹೇಳಬಹುದು.

ಆದರೆ ಈ ಗೋಡೆ ಇರುವುದು ಹೊರಗಿನವರಿಗೆ, ಒಳಗಿರುವ ಪಕ್ಷಕಾರರಿಗಲ್ಲ. ಸಮಿತಿಯು ದೂರಿನ ಪ್ರತಿಯನ್ನು ಏಳು ಕೆಲಸದ ದಿನಗಳೊಳಗೆ ಪ್ರತಿವಾದಿಗೆ ಕಳುಹಿಸಬೇಕು. ಅವರು ಹತ್ತು ಕೆಲಸದ ದಿನಗಳೊಳಗೆ ದಾಖಲೆ ಮತ್ತು ಸಾಕ್ಷಿಗಳ ವಿವರದೊಡನೆ ಉತ್ತರಿಸಬೇಕು. ಅಂತಿಮ ವರದಿಯೂ ಇಬ್ಬರಿಗೂ ದೊರೆಯಬೇಕು. ವಕೀಲರು ಸಮಿತಿಯ ಮುಂದೆ ವಾದಿಸುವಂತಿಲ್ಲ. ಆದರೆ ಅವರ ಸಲಹೆ ಪಡೆಯುವುದು ಸಾರ್ವಜನಿಕರಿಗೆ ತಿಳಿಸಿದಂತಾಗದು. ಪೊಲೀಸರಲ್ಲಿ ದೂರು ನೀಡುವ ಹಕ್ಕಿಗೂ ಗೋಪ್ಯತೆ ಅಡ್ಡಬಾರದು.

ಪ್ರತಿವಾದಿಗೆ ಸಾಕಷ್ಟು ಅವಕಾಶವಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣವೇ ನಿದರ್ಶನ. ಸಮಿತಿಯು ತರಾತುರಿಯಲ್ಲಿ ವಿಚಾರಣೆ ಮುಗಿಸಿ, ಪ್ರತಿವಾದಿಗೆ ತನ್ನ ಪಕ್ಷ ಮಂಡಿಸಲು ತಕ್ಕ ಸಮಯ ನೀಡಲಿಲ್ಲವೆಂದು ಸುಪ್ರೀಂ ಕೋರ್ಟು 2023ರ ಮೇ 12ರಂದು ವಜಾ ಆದೇಶವನ್ನು ರದ್ದುಪಡಿಸಿ, ಪ್ರಕರಣವನ್ನು ಮತ್ತೆ ಸಮಿತಿಗೇ ಕಳುಹಿಸಿತು. 2009ರ ದೂರುಗಳು ಹದಿನಾಲ್ಕು ವರ್ಷಗಳ ಅನಂತರ ಮತ್ತೆ ವಿಚಾರಣೆಗೆ ಮರಳಿದವು. ಗೋಪ್ಯತೆಯ ನೆಪದಲ್ಲಿ ದೂರಿನ ಪ್ರತಿಯನ್ನೋ ಹೇಳಿಕೆಗಳನ್ನೋ ಪಕ್ಷಕಾರರಿಂದ ಮುಚ್ಚಿಟ್ಟರೂ ಫಲ ಇಂಥದೇ ಆದೀತು.

ಈಗ ವಾಟ್ಸ್ಆ್ಯಪ್ ಸಾಲಿಗೆ ಮರಳೋಣ. ಅದು ದೂರನ್ನು ನಿರ್ವಹಿಸುವ ಕರ್ತವ್ಯವುಳ್ಳವರಿಂದ, ಅಂದರೆ ಸಮಿತಿಯ ಸದಸ್ಯರಿಂದಲೋ ಕಡತ ನೋಡುವ ಗುಮಾಸ್ತರಿಂದಲೋ ಸೋರಿದ್ದರೆ, 17ನೆಯ ಕಲಮಿನಂತೆ ಸೇವಾ ನಿಯಮಗಳ ಪ್ರಕಾರ ದಂಡನೆಯುಂಟು. ಅಂಥ ನಿಯಮವಿಲ್ಲದಿದ್ದರೆ 5000 ರೂಪಾಯಿ ದಂಡ. ಆ ಕಲಮು ಪಕ್ಷಕಾರರನ್ನು ಹೆಸರಿಸುವುದಿಲ್ಲ. ಆದರೂ 16ನೆಯ ಕಲಮಿನ ನಿಷೇಧ ಎಲ್ಲರಿಗೂ ಅನ್ವಯಿಸುತ್ತದೆ. ದಂಡಕ್ಕಿಂತ ದೊಡ್ಡ ಹಾನಿ ಸಾಕ್ಷ್ಯಕ್ಕೆ. ಗುಂಪಿನಲ್ಲಿ ಕಥೆಯನ್ನು ಓದಿದ ಸಾಕ್ಷಿ, ತಾನು ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಲಾರದೆ ಹೋಗಬಹುದು. ಅಥವಾ ಹೆದರಿ ಬಾಯಿ ಮುಚ್ಚಬಹುದು.

ಒಂದು ಎಚ್ಚರ. ತೊಂದರೆಗೊಳಗಾದವರು ವಿದ್ಯಾರ್ಥಿಗಳಾಗಿದ್ದು ಹದಿನೆಂಟು ತುಂಬಿರದಿದ್ದರೆ, ಶಾಲೆಯೊಳಗೇ ಗೋಪ್ಯವಾಗಿಡುವುದು ಅಪರಾಧ. ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಗುರುತನ್ನು ಬೇರಾರಿಗೂ ತಿಳಿಯಗೊಡಬಾರದು.