ಕೊಬ್ಬರಿ ಮಾರಲು ಬರೆಯುವ ಮೂರು ಸಾಲು
(ಸಂಘದ ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿ ಓದಿದ ರೈತ. ಕೈ ಸುಟ್ಟುಕೊಂಡು ಕಲಿತದ್ದನ್ನು ಮಾತ್ರ ಹೇಳ್ತೀನಿ.

ತಿಪಟೂರು ಮಾರುಕಟ್ಟೆಯಲ್ಲಿ ವರ್ತಕ ನಮ್ಮ ಉಂಡೆ ಕೊಬ್ಬರಿಯನ್ನು ಕಣ್ಣಾರೆ ನೋಡಿ, ಒಂದೆರಡು ಒಡೆದು ರೇಟು ಹೇಳ್ತಾನೆ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಕಾಣುವುದು ಫೋಟೊ ಮತ್ತು ನಾವು ಬರೆದ ಸಾಲು ಅಷ್ಟೆ. ನಾನು 5 ಕಿಲೊ ಚೀಲಕ್ಕೆ ಹೀಗೆ ಬರೆದಿದ್ದೆ: "3 ದಿನದಲ್ಲಿ ತಲುಪುತ್ತದೆ. ಒಡೆದ ಮಾಲು ವಾಪಸ್ ಇಲ್ಲ. 6 ತಿಂಗಳು ಗ್ಯಾರಂಟಿ."

ಪುಣೆಯಿಂದ ನಮ್ಮ ಕಡೆಯ ಹೆಣ್ಣುಮಗಳೊಬ್ಬರು ಫೋನ್ ಮಾಡಿದರು. ನಾಲ್ಕು ಕೊಬ್ಬರಿ ಒಳಗೆ ಬೂಷ್ಟು ಹಿಡಿದಿತ್ತಂತೆ. ಒಡೆದದ್ದು ವಾಪಸ್ ಇಲ್ಲವಲ್ಲಮ್ಮ ಎಂದೆ. "ಒಡೀದೆ ಒಳಗಡೆ ಬೂಷ್ಟು ಐತೆ ಅಂತ ಹೆಂಗಣ್ಣ ಗೊತ್ತಾಗುತ್ತೆ?" ಎಂದರು. ನನ್ನ ಬಾಯಿ ಕಟ್ಟಿತು. ಅವರು ಹೇಳಿದ್ದೇ ಸರಿ, ಕಾಯಿದೆಯೂ ಅವರ ಕಡೆಗೇ ಇದೆ. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳ ಪ್ರಕಾರ ಮಾಲು ದೋಷದ್ದಾಗಿದ್ದರೆ, ವರ್ಣಿಸಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ, ಮಾರಿದವನು ವಾಪಸ್ ಪಡೆಯಲು ಅಥವಾ ಹಣ ಕೊಡಲು ನಿರಾಕರಿಸುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತು ಬೇರೆ.

ಹಾಗಾಗಿ ಸಾಲುಗಳನ್ನು ತಿದ್ದಿದೆ.

ಸಾಗಣೆ: "ಹಣ ಸಂದ 2 ಕೆಲಸದ ದಿನದೊಳಗೆ ಹುಳಿಯಾರಿನಿಂದ ಕಳಿಸುತ್ತೇವೆ. ಆಮೇಲೆ ತಲುಪಲು 4ರಿಂದ 8 ದಿನ. ಸಾಗಣೆ ಖರ್ಚು ಬೇರೆ, ಹಣ ಕಟ್ಟುವ ಮೊದಲೇ ತೋರಿಸುತ್ತೇವೆ." ಕಳಿಸುವ ದಿನ ನಮ್ಮ ಕೈಯಲ್ಲಿದೆ, ತಲುಪುವ ದಿನ ಇಲ್ಲ. ಅದಕ್ಕೇ ಎರಡನ್ನೂ ಬೇರೆ ಬರೆಯಬೇಕು, ದೂರದ ಊರಿನ ಲೆಕ್ಕವನ್ನೇ ಹಿಡಿಯಬೇಕು.

ವಾಪಸಾತಿ: "ತಲುಪಿದ 10 ದಿನದೊಳಗೆ ಬೂಷ್ಟು, ಹುಳ, ಕಮಟು ಕಂಡರೆ ತಿಳಿಸಿ. ಒಡೆದದ್ದಾದರೂ ಸರಿ. ಫೋಟೊ, ತೂಕ ಕಳಿಸಿ. ಅಷ್ಟರ ಹಣ 5 ದಿನದಲ್ಲಿ ಕೊಡುತ್ತೇವೆ. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಸಾಗಣೆ ಸಹಿತ ಪೂರ್ತಿ ಹಣ." ಕಿಲೊಗೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. ಕೆಟ್ಟ ನಾಲ್ಕು ಕೊಬ್ಬರಿ ಅರ್ಧ ಕಿಲೊ ತೂಗಿದರೆ ಕೊಡಬೇಕಾದ್ದು 100 ರೂಪಾಯಿ. ಚೀಲ ವಾಪಸ್ ತರಿಸಿದರೆ ಸಾಗಣೆಗೇ ಅದಕ್ಕಿಂತ ಹೆಚ್ಚು ಹೋದೀತು. ಕಮಟು ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ. ಅಲ್ಲಿ ಅವರ ಮಾತನ್ನೇ ನಂಬಬೇಕು.

ಗ್ಯಾರಂಟಿ: 6 ತಿಂಗಳ ಮಾತು ಬಿಟ್ಟೆ. ಅವರ ಮನೆಯಲ್ಲಿ ಮಳೆಗಾಲದ ತೇವ ಎಳೆದರೆ ಒಣಗಿದ ಕೊಬ್ಬರಿಗೂ ಬೂಷ್ಟು ಬರುತ್ತೆ. ಈಗ, "ಕಟ್ಟುವ ದಿನ ತೇವ ನೂರಕ್ಕೆ 7ರೊಳಗೆ. ಗಾಳಿಯಾಡುವ ಒಣಜಾಗದಲ್ಲಿಡಿ" ಎಂದಿದೆ. ಆದರೆ ತೇವ ಅಳೆಯದೆ 7 ಅಂತ ಬರೆಯಬೇಡಿ. ಬರೆದದ್ದೇ ನಮ್ಮ ಮಾತಾಗುತ್ತೆ, ಕೊಂಡವರು ಅದನ್ನೇ ಹಿಡಿದು ಕೇಳ್ತಾರೆ.

ಆ ತಾಯಿಗೆ ನಾಲ್ಕು ಕೊಬ್ಬರಿಯ ಹಣ ಕಳಿಸಿದೆ. ಮುಂದಿನ ಹಬ್ಬಕ್ಕೆ ಮತ್ತೆ 5 ಕಿಲೊ ತರಿಸಿಕೊಂಡರು.