ಸಾರಲೇಖನದಲ್ಲಿ ‘ಅವರು’, ‘ಇದು’, ‘ಮೊದಲಿನವರು’



ಸಾರಲೇಖನದ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾವು ಸಾಮಾನ್ಯವಾಗಿ ಉದ್ದವನ್ನು, ಕಾಗುಣಿತವನ್ನು, ಮುಖ್ಯಾಂಶಗಳು ಬಿಟ್ಟುಹೋಗಿವೆಯೇ ಎಂಬುದನ್ನು ನೋಡುತ್ತೇವೆ. ಇವೆಲ್ಲ ಸರಿಯಿದ್ದೂ ಬರೆಹ ಸುಳ್ಳು ಹೇಳುವುದುಂಟು. ಅದಕ್ಕೆ ಕಾರಣ ಬಹುಮಟ್ಟಿಗೆ ಒಂದೇ: ಮೂಲದಲ್ಲಿದ್ದ ಸರ್ವನಾಮವನ್ನು ವಿದ್ಯಾರ್ಥಿ ಉಳಿಸಿಕೊಳ್ಳುತ್ತಾನೆ, ಆ ಸರ್ವನಾಮವು ಸೂಚಿಸುತ್ತಿದ್ದ ನಾಮಪದವನ್ನು ಮಾತ್ರ ಕತ್ತರಿಸಿಬಿಡುತ್ತಾನೆ. ಆಗ ಆ ಸರ್ವನಾಮ ಸುಮ್ಮನಿರುವುದಿಲ್ಲ. ಹತ್ತಿರದಲ್ಲಿರುವ ಬೇರೊಂದು ಪದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಈ ಒಂದು ದೋಷವನ್ನು ಕುರಿತೇ ಇಂದು ಮಾತನಾಡಬಯಸುತ್ತೇನೆ.

ತರಗತಿಯ ಬಳಕೆಗೆಂದು ನಾನು ರಚಿಸಿಕೊಂಡ ಒಂದು ಪರಿಚ್ಛೇದವನ್ನು ಮೊದಲು ಓದುತ್ತೇನೆ.

“ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಅವರು ‘ಮಂಗಳೂರ ಸಮಾಚಾರ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮುಂದೆ ‘ಜೈಮಿನಿ ಭಾರತ’, ‘ಬಸವಪುರಾಣ’ ಮೊದಲಾದ ಹಳೆಯ ಕೃತಿಗಳನ್ನು ಮುದ್ರಿಸಿದರು. ಅದೇ ಸಂಸ್ಥೆಯ ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಭಾರತಕ್ಕೆ ಬಂದರು. ಮೊದಲಿನವರು 1860ರಲ್ಲಿ ಸ್ವದೇಶಕ್ಕೆ ಮರಳಿದರು. ಎರಡನೆಯವರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಅರ್ಥಗಳ ಜತೆಗೆ ಹಳೆಯ ಕೃತಿಗಳಿಂದ ಎತ್ತಿಕೊಟ್ಟ ಪ್ರಯೋಗಗಳೂ ಇವೆ. ಇದರಿಂದ ಒಂದು ಪದವು ಎಲ್ಲಿ, ಹೇಗೆ ಬಳಕೆಯಾಗಿದೆ ಎಂಬುದು ಓದುಗರಿಗೆ ತಿಳಿಯುತ್ತದೆ.”

ಇದನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿರೆಂದರೆ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಬರೆಯಬಹುದಾದ ಬಗೆ ಹೀಗಿರುತ್ತದೆ: “ಮೋಗ್ಲಿಂಗ್ ಮತ್ತು ಕಿಟ್ಟೆಲರು ಬಾಸೆಲ್ ಮಿಶನ್ನಿನವರು. ಅವರು ಪತ್ರಿಕೆಯನ್ನು ಹೊರಡಿಸಿ ಹಳೆಯ ಕೃತಿಗಳನ್ನು ಮುದ್ರಿಸಿದರು. ಅವರು ಮರಳಿದ ಮೇಲೆ ಎರಡನೆಯವರು ‘ಶಬ್ದಮಣಿದರ್ಪಣ’ವನ್ನು ಪ್ರಕಟಿಸಿದರು. ಇದರಿಂದ ಪದಗಳ ಬಳಕೆ ತಿಳಿಯುತ್ತದೆ.”

ವಾಕ್ಯಗಳು ಶುದ್ಧವಾಗಿವೆ. ಆದರೆ ಎರಡನೆಯ ವಾಕ್ಯದ ‘ಅವರು’ ಈಗ ಇಬ್ಬರನ್ನೂ ಹಿಡಿದಿದೆ. ಕಿಟ್ಟೆಲರು ಭಾರತಕ್ಕೆ ಬರುವುದಕ್ಕೆ ಹತ್ತು ವರ್ಷ ಮೊದಲೇ ಹೊರಟ ಪತ್ರಿಕೆಗೆ ಅವರೂ ಕರ್ತೃವಾದರು. ಮೂರನೆಯ ವಾಕ್ಯದ ‘ಅವರು’ ಇಬ್ಬರೂ ಮರಳಿದರೆಂದು ಹೇಳುತ್ತದೆ. ಇಬ್ಬರೂ ಮರಳಿದ ಮೇಲೆ ಉಳಿದ ‘ಎರಡನೆಯವರು’ ಯಾರು? ಕೊನೆಯ ‘ಇದರಿಂದ’ ಎಂಬುದರ ಗತಿ ಇನ್ನೂ ಕೆಟ್ಟದ್ದು. ಮೂಲದಲ್ಲಿ ಅದು ನಿಘಂಟನ್ನೂ ಸೂಚಿಸುತ್ತಿರಲಿಲ್ಲ, ನಿಘಂಟು ಪ್ರಯೋಗಗಳನ್ನು ಎತ್ತಿಕೊಟ್ಟಿದೆಯೆಂಬ ಸಂಗತಿಯನ್ನು ಸೂಚಿಸುತ್ತಿತ್ತು. ನಿಘಂಟಿನ ವಾಕ್ಯವೇ ಬಿದ್ದುಹೋದದ್ದರಿಂದ ಆ ಗುಣವೀಗ ಕೇಶಿರಾಜನ ವ್ಯಾಕರಣಗ್ರಂಥಕ್ಕೆ ಸಂದಿದೆ. ವಿಷಯ ತಿಳಿಯದ ಓದುಗನಿಗೆ ಇಲ್ಲಿ ತಪ್ಪಿದೆಯೆಂಬ ಸುಳಿವೇ ಸಿಗುವುದಿಲ್ಲ.

‘ಅವರು’ ಎಂಬುದರ ತೊಡಕು ಕನ್ನಡದಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು. ಅದು ಬಹುವಚನವೂ ಹೌದು, ಗೌರವಸೂಚಕ ಏಕವಚನವೂ ಹೌದು. ಪುರುಷರಿಗೂ ಸಲ್ಲುತ್ತದೆ, ಸ್ತ್ರೀಯರಿಗೂ ಸಲ್ಲುತ್ತದೆ. ‘ಬಂದನು’, ‘ಬಂದಳು’, ‘ಬಂದಿತು’ ಎಂಬ ಕ್ರಿಯಾಪದಗಳು ಕರ್ತೃ ಯಾರೆಂಬುದನ್ನು ತಾವೇ ತೋರಿಸಿಕೊಡುತ್ತವೆ. ‘ಬಂದರು’ ಎಂಬುದು ಆ ಸಹಾಯವನ್ನು ಮಾಡುವುದಿಲ್ಲ. ಪಾಠಗಳಲ್ಲಿ ಬರುವ ಕವಿಗಳು, ವಿಜ್ಞಾನಿಗಳು, ನಾಯಕರು ಎಲ್ಲರೂ ಗೌರವವಾಚಕದಲ್ಲೇ ಬರುವುದರಿಂದ ನಮ್ಮ ಮಕ್ಕಳು ಎದುರಿಸುವುದು ಹೆಚ್ಚಾಗಿ ಈ ‘ಅವರು’ ಎಂಬುದನ್ನೇ. ಕಾಸರಗೋಡಿನ ಕಡೆಯ ಅಧ್ಯಾಪಕರು ಇನ್ನೊಂದನ್ನು ನೆನಪಿನಲ್ಲಿಡಬೇಕು. ಮಲೆಯಾಳದ ಕ್ರಿಯಾಪದ ಲಿಂಗವಚನಗಳಿಗೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಆ ಭಾಷೆಯನ್ನೂ ಓದಿ ಬರೆಯುವ ಮಗುವಿಗೆ ಕ್ರಿಯಾಪದದ ತುದಿಯನ್ನು ನೋಡಿ ಕರ್ತೃವನ್ನು ಹುಡುಕುವ ರೂಢಿ ತಾನಾಗಿ ಬಾರದಿದ್ದರೆ ಅದು ಆಶ್ಚರ್ಯವಲ್ಲ, ಬೆರಳಿಟ್ಟು ತೋರಿಸಬೇಕಾಗುತ್ತದೆ.

ಇದಕ್ಕೆ ನಾನು ಅನುಸರಿಸುವ ಕ್ರಮ ಸರಳವಾದದ್ದು. ಕತ್ತರಿಸುವ ಮೊದಲು ತುಂಬಿಸಬೇಕು. ಮೂಲಪರಿಚ್ಛೇದದ ಪ್ರತಿಯೊಂದು ಸರ್ವನಾಮದ ಕೆಳಗೂ ಗೆರೆ ಎಳೆದು, ಅದರ ತಲೆಯ ಮೇಲೆ ಪೆನ್ಸಿಲಿನಿಂದ ಅದು ಸೂಚಿಸುವ ಪದವನ್ನು ಬರೆಯಿಸುತ್ತೇನೆ. ‘1843ರಲ್ಲಿ ಅವರು’ – ಮೋಗ್ಲಿಂಗರು. ‘ಅದೇ ಸಂಸ್ಥೆ’ – ಬಾಸೆಲ್ ಮಿಶನ್. ‘ಮೊದಲಿನವರು’ – ಮೋಗ್ಲಿಂಗರು. ‘ಎರಡನೆಯವರು’ – ಕಿಟ್ಟೆಲರು. ‘ಅವರ ನಿಘಂಟು’ – ಕಿಟ್ಟೆಲರ ನಿಘಂಟು. ‘ಅದರಲ್ಲಿ’ – ನಿಘಂಟಿನಲ್ಲಿ. ‘ಇದರಿಂದ’ ಎಂಬಲ್ಲಿ ಮಕ್ಕಳು ತಡವರಿಸುತ್ತಾರೆ. ಒಂದು ಪದವನ್ನು ಹುಡುಕುತ್ತಾರೆ, ಆದರೆ ಅಲ್ಲಿ ಬೇಕಾದದ್ದು ಒಂದು ಸಂಗತಿ. “ಯಾವುದು ಇರುವುದರಿಂದ?” ಎಂದು ಕೇಳಿದರೆ ಉತ್ತರ ಹೊರಡುತ್ತದೆ: “ಪ್ರಯೋಗಗಳನ್ನು ಕೊಟ್ಟಿರುವುದರಿಂದ.” ಈ ಉತ್ತರವೇ ಸಾರಲೇಖನದೊಳಗೆ ಹೋಗಬೇಕು. ‘ಇದು’, ‘ಇದರಿಂದ’, ‘ಹೀಗಾಗಿ’ ಎಂದು ವಾಕ್ಯ ತೊಡಗಿದಲ್ಲೆಲ್ಲ ಈ ಪ್ರಶ್ನೆಯನ್ನು ಕೇಳಿಸಿ.

‘ಮೊದಲಿನವರು’, ‘ಎರಡನೆಯವರು’ ಎಂಬವನ್ನು ನಾನು ಸಾರಲೇಖನದಲ್ಲಿ ಬಳಸಗೊಡುವುದೇ ಇಲ್ಲ. ಅವು ನಿಂತಿರುವುದು ಹೆಸರುಗಳು ಬಂದ ಸರದಿಯ ಮೇಲೆ. ಸಂಕ್ಷೇಪಿಸುವಾಗ ಮೊದಲು ಕದಲುವುದು ಆ ಸರದಿಯೇ. ‘ಎರಡನೆಯವರು’ ಎನ್ನುವುದಕ್ಕಿಂತ ‘ಕಿಟ್ಟೆಲರು’ ಎಂಬುದು ಚಿಕ್ಕ ಪದವೂ ಹೌದು.

ತುಂಬಿಸಿದ ಬಳಿಕ ಕತ್ತರಿಸುವುದು. ಕತ್ತರಿಸಿದ ಮೇಲಷ್ಟೇ ಸರ್ವನಾಮಗಳನ್ನು ಮರಳಿ ಸೇರಿಸುವುದು. ಆಗ ಬರುವ ರೂಪ ಇದು: “ಬಾಸೆಲ್ ಮಿಶನ್ನಿನ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, ಮುಂದೆ ಹಳೆಯ ಕೃತಿಗಳನ್ನು ಮುದ್ರಿಸಿದರು. 1853ರಲ್ಲಿ ಬಂದ ಕಿಟ್ಟೆಲರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಪ್ರಕಟಿಸಿದರು. 1894ರಲ್ಲಿ ಅಚ್ಚಾದ ಅವರ ನಿಘಂಟು ಪ್ರಯೋಗಗಳನ್ನೂ ಕೊಡುವುದರಿಂದ ಪದಗಳ ಬಳಕೆ ತಿಳಿಯುತ್ತದೆ.” ಉಳಿದ ಸರ್ವನಾಮ ಒಂದೇ, ‘ಅವರ’. ಹಿಂದಿನ ವಾಕ್ಯದಲ್ಲಿ ಕಿಟ್ಟೆಲರ ಹೊರತು ಬೇರೆ ವ್ಯಕ್ತಿಯಿಲ್ಲವಾದ್ದರಿಂದ ಅದು ದಾರಿ ತಪ್ಪುವುದಿಲ್ಲ. ‘ಹೊರಡಿಸಿ’ ಎಂಬ ಕೃದಂತವನ್ನೂ ಗಮನಿಸಿ. ಕರ್ತೃ ಒಬ್ಬನೇ ಆಗಿರುವಾಗ ಎರಡು ವಾಕ್ಯಗಳನ್ನು ಹೀಗೆ ಹೆಣೆದರೆ ಸರ್ವನಾಮದ ಅಗತ್ಯವೇ ಬೀಳದು.

‘ತಾನು’, ‘ತಮ್ಮ’ ಎಂಬ ರೂಪಗಳೂ ಇಂಥಲ್ಲಿ ಬಹಳ ಉಪಕಾರಿ. ನಾವು ಅವನ್ನು ಸಾಕಷ್ಟು ಬಳಸಿಕೊಳ್ಳುತ್ತಿಲ್ಲವೆಂದು ನನ್ನ ಅನಿಸಿಕೆ. “ಕಿಟ್ಟೆಲರು ಮೋಗ್ಲಿಂಗರನ್ನು ಅವರ ಗ್ರಂಥದಲ್ಲಿ ಸ್ಮರಿಸಿದರು” ಎಂದರೆ ಗ್ರಂಥ ಯಾರದೆಂಬ ಸಂದೇಹ ಉಳಿಯುತ್ತದೆ. ‘ತಮ್ಮ ಗ್ರಂಥದಲ್ಲಿ’ ಎಂದೊಡನೆ ಅದು ಕರ್ತೃವಾದ ಕಿಟ್ಟೆಲರದೇ ಆಗುತ್ತದೆ. (ಈ ವಾಕ್ಯ ವ್ಯಾಕರಣದ ಉದಾಹರಣೆ ಮಾತ್ರ, ಚರಿತ್ರೆಯಲ್ಲ.) ನೇರ ಮಾತನ್ನು ಪರೋಕ್ಷಕ್ಕೆ ತಿರುಗಿಸುವಾಗಲೂ ಹಾಗೆಯೇ. “‘ನಾನು ಬರುತ್ತೇನೆ’ ಎಂದು ರಾಮನು ಸೋಮನಿಗೆ ಹೇಳಿದನು” ಎಂಬುದು “ಅವನು ಬರುವುದಾಗಿ ರಾಮನು ಸೋಮನಿಗೆ ಹೇಳಿದನು” ಎಂದಾದರೆ ಬರುವವನು ಮೂರನೆಯವನೂ ಆಗಬಹುದು; ‘ತಾನು ಬರುವುದಾಗಿ’ ಎಂದರೆ ರಾಮನೇ.

ಒಂದು ಎಚ್ಚರಿಕೆ. ಕೆಲವೊಮ್ಮೆ ಮೂಲವೇ ಅಸ್ಪಷ್ಟವಾಗಿರುತ್ತದೆ. ಪೆನ್ಸಿಲಿನಲ್ಲಿ ಎರಡು ಹೆಸರು ಬರೆದರೂ ಎರಡೂ ಹೊಂದುತ್ತವೆ. ಇಸವಿಯಾಗಲಿ, ಕ್ರಿಯೆಯಾಗಲಿ, ಹಿಂದುಮುಂದಿನ ವಾಕ್ಯಗಳಾಗಲಿ ತೀರ್ಮಾನ ಕೊಡುವುದಿಲ್ಲ. ಅಲ್ಲಿ ಮಗು ಊಹಿಸಿ ಒಂದು ಹೆಸರನ್ನು ಹಾಕಿದರೆ ಲೇಖಕ ಹೇಳದ ಮಾತನ್ನು ಹೇಳಿದಂತಾಗುತ್ತದೆ. ಆ ಅಂಶ ಮುಖ್ಯವಲ್ಲದಿದ್ದರೆ ಬಿಟ್ಟುಬಿಡಲಿ. ಮುಖ್ಯವಾದರೆ ಮೂಲದ ಪದಗಳನ್ನೇ ಹಾಗೆಯೇ ಉಳಿಸಿ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲಿ. ಹಾಗೆ ಚಿಹ್ನೆ ಹಾಕಿದ ಮಗುವಿನ ಅಂಕವನ್ನು ನಾನು ಕಳೆಯುವುದಿಲ್ಲ.

ತಿದ್ದುವಾಗ ನಮಗೂ ಒಂದು ಸುಲಭದ ಪರೀಕ್ಷೆಯಿದೆ. ಮೂಲವನ್ನು ಮುಚ್ಚಿಟ್ಟು ಸಾರಲೇಖನವನ್ನು ಮಾತ್ರ ಓದಿ, ಪ್ರತಿ ಸರ್ವನಾಮದ ಬಳಿ ನಿಂತು “ಯಾರು? ಯಾವುದು?” ಎಂದು ಕೇಳಿಕೊಳ್ಳುವುದು. ಮೂಲ ನಮಗೆ ಬಾಯಿಪಾಠವಾಗಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ನಮ್ಮ ಮನಸ್ಸೇ ಸರಿಯಾದ ಹೆಸರನ್ನು ತುಂಬಿಕೊಂಡುಬಿಡುತ್ತದೆ. ಅಂಥ ಸಂದರ್ಭದಲ್ಲಿ ಪಾಠವನ್ನು ಓದದ ಕೆಳತರಗತಿಯ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಅದನ್ನು ಓದಿಸಿ, ಪತ್ರಿಕೆಯನ್ನು ಹೊರಡಿಸಿದವರು ಯಾರೆಂದು ಕೇಳಿ ನೋಡಿ.