ಒಂದು ಜಾಬಿಗೆ ಎಷ್ಟು ಉದ್ದದ ರಾಡ್ ಬೇಕು?
(ಲೇತ್ ಕೆಲಸಗಾರರ ಸಭೆಯಲ್ಲಿ ಹಿರಿಯ ಟರ್ನರ್ ಒಬ್ಬರು ಆಡಿದ ಮಾತುಗಳ ಬರಹರೂಪ)

ವಾರಕ್ಕೆ ಒಂದು ದಿನ ನಿದ್ದೆ ಮಾಡೋ ದಿನ. ಅದನ್ನ ಬಿಟ್ಟು ಬಂದಿದ್ದೀರಿ, ಹಾಗಾಗಿ ಸುತ್ತಿಬಳಸದೆ ನೇರವಾಗಿ ವಿಷಯಕ್ಕೆ ಬರ್ತೀನಿ.

ನಾನು ಪೀಣ್ಯದಲ್ಲಿ ಹನ್ನೊಂದು ವರ್ಷ ಲೇತ್ ಓಡಿಸಿ ಆಮೇಲೆ ಶಾರ್ಜಾಕ್ಕೆ ಬಂದವನು. ಅಲ್ಲಿ ರಾಡ್ ಕತ್ತರಿಸೋದು ಹೆಲ್ಪರ್ ಕೆಲಸ, ಉದ್ದ ಹೇಳೋದು ಸೂಪರ್‌ವೈಸರ್ ಕೆಲಸ. ನನ್ನ ಕೈಗೆ ತುಂಡು ಬರ್ತಿತ್ತು, ನಾನು ಕಟ್ಟಿ ಓಡಿಸ್ತಿದ್ದೆ, ಅಷ್ಟೆ. ಇಲ್ಲಿನ ಸಣ್ಣ ವರ್ಕ್‌ಶಾಪಿಗೆ ಬಂದ ಮೇಲೆ ಡ್ರಾಯಿಂಗ್ ಕೈಗೆ ಕೊಟ್ಟು, "ಸ್ಟೋರ್‌ನವರಿಗೆ ಎಷ್ಟು ಬೇಕು ಅಂತ ಬರೆದುಕೊಡು" ಅಂದರು. ಅವತ್ತೇ ನನಗೆ ಗೊತ್ತಾಗಿದ್ದು, ಈ ಸಣ್ಣ ಲೆಕ್ಕ ನನಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ ಅಂತ.

ಒಂದೇ ಒಂದು ಜಾಬ್ ತಗೊಂಡು ಕೊನೆವರೆಗೂ ನೋಡೋಣ. ತಲೆಯಿರುವ ಒಂದು ಪಿನ್. ಒಟ್ಟು ಉದ್ದ 62 ಎಂಎಂ. ತಲೆ 42 ಎಂಎಂ ವ್ಯಾಸ, 12 ಉದ್ದ. ಕಾಂಡ 30 ಎಂಎಂ ವ್ಯಾಸ, 50 ಉದ್ದ. ರಾಡ್ 45 ಎಂಎಂ ವ್ಯಾಸದ್ದು. ಕಾಂಡ ನಮ್ಮ ಕಡೆಗೆ, ಅಂದರೆ ಟೇಲ್‌ಸ್ಟಾಕ್ ಕಡೆಗೆ. ತಲೆ ಚಕ್ ಕಡೆಗೆ. ತಲೆಯೂ ಕಾಂಡವೂ ಒಂದೇ ಸೆಂಟರಿನಲ್ಲಿ ಇರಬೇಕು ಅಂತ ಡ್ರಾಯಿಂಗ್ ಹೇಳುತ್ತೆ. ಹಾಗಾಗಿ ಎರಡನ್ನೂ ಒಂದೇ ಸೆಟ್ಟಿಂಗಿನಲ್ಲಿ ಟರ್ನ್ ಮಾಡಿ, ಕೊನೆಗೆ ಪಾರ್ಟಿಂಗ್ ಹೊಡೆದು ಕೆಳಗಿಳಿಸಬೇಕು.

ಈಗ ರಾಡಿನ ಮುಂದಿನ ತುದಿಯಿಂದ ಚಕ್ ಕಡೆಗೆ ಬೆರಳಿಟ್ಟುಕೊಂಡು ಬನ್ನಿ.

ಮೊದಲನೇದು ಮುಂದಿನ ಫೇಸಿಂಗ್. ಬ್ಯಾಂಡ್ ಸಾ ಕತ್ತರಿಸಿದ ಮುಖ ಎಂದೂ ನೇರ ಇರಲ್ಲ. ಬ್ಲೇಡ್ ಸವೆದಿದ್ದರೆ 45ರ ರಾಡಿನಲ್ಲಿ ಒಂದು ಅಂಚಿಗೂ ಇನ್ನೊಂದಕ್ಕೂ ಒಂದು ಎಂಎಂ ವ್ಯತ್ಯಾಸ ಸುಲಭವಾಗಿ ಬರುತ್ತೆ. ಆದ್ದರಿಂದ ಗರಗಸದ ಮುಖಕ್ಕೆ 2 ಎಂಎಂ ಬಿಡಿ. ಸಾಲದೇ ಹೋದರೆ ಹೇಗೆ ಗೊತ್ತಾಗುತ್ತೆ? ಫೇಸಿಂಗ್ ಮಾಡಿ ನಿಲ್ಲಿಸಿ ನೋಡಿ. ಅರ್ಧ ಮುಖ ಹೊಳೀತಾ ಇದ್ದು ಇನ್ನರ್ಧದಲ್ಲಿ ಗರಗಸದ ಗೆರೆ ಉಳಿದಿದ್ದರೆ ನೀವು ಬಿಟ್ಟದ್ದು ಸಾಲಲಿಲ್ಲ ಅಂತ ಅರ್ಥ.

ಎರಡನೇದು ಜಾಬಿನ ಉದ್ದ, 62.

ಮೂರನೇದು ಹಿಂದಿನ ಫೇಸಿಂಗ್. ಪಾರ್ಟಿಂಗ್ ಟೂಲ್ ಬಿಟ್ಟುಹೋದ ಮುಖದ ನಡುವೆ ಸಣ್ಣ ಮೊಳಕೆಯಂಥದ್ದು ಉಳಿಯುತ್ತೆ. ಟೂಲ್ ಒಳಗೆ ಹೋಗ್ತಾ ಸ್ವಲ್ಪ ಬಾಗಿದ್ದರೆ ಮುಖ ತಟ್ಟೆಯ ಹಾಗೆ ಗುಳಿಯಾಗಿರುತ್ತೆ, ಇಲ್ಲವೇ ಉಬ್ಬಿರುತ್ತೆ. ಸ್ಟೀಲ್ ಸ್ಕೇಲಿನ ಅಂಚನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಕಾಣುತ್ತೆ. ಪೀಸನ್ನು ತಿರುಗಿಸಿ ಕಟ್ಟಿ ಅದನ್ನು ತೆಗೆಯೋಕೆ 1 ಎಂಎಂ.

ನಾಲ್ಕನೇದು ಪಾರ್ಟಿಂಗ್ ಟೂಲಿನ ಅಗಲ. ನಮ್ಮದು 3 ಎಂಎಂ. ಇಷ್ಟು ಲೋಹ ಪೂರ್ತಿ ಚಿಪ್ಸ್ ಆಗಿ ಹೋಗುತ್ತೆ. ಅಗಲವನ್ನು ಟೂಲಿನ ಡಬ್ಬಿ ನೋಡಿ ಬರೀಬೇಡಿ. ಕೈಯಲ್ಲಿ ಸಾಣೆ ಹಿಡಿದ ಟೂಲಾದರೆ ವರ್ನಿಯರ್ ಹಾಕಿ ಮೂತಿಯನ್ನೇ ಅಳೆಯಿರಿ.

ಐದನೇದು ಪಾರ್ಟಿಂಗ್ ಟೂಲಿಗೂ ಚಕ್ಕಿನ ಜಾಗೂ ನಡುವಿನ ಸಂದು. ಇದನ್ನೇ ಬಹಳ ಜನ ಮರೆಯೋದು. ತಿರುಗೋ ಜಾಗೆ ಟೂಲ್ ಹೋಲ್ಡರ್ ತಗುಲಿದರೆ ಟೂಲೂ ಹೋಯ್ತು, ಬೆರಳೂ ಹೋಗಬಹುದು. 5 ಎಂಎಂ ಬಿಡಿ. ತೀರಾ ಜಾಸ್ತಿಯೂ ಬೇಡ. ಪಾರ್ಟಿಂಗ್ ಮಾಡೋ ಜಾಗ ಚಕ್ಕಿನಿಂದ ದೂರ ಹೋದಷ್ಟೂ ರಾಡ್ ಅದುರುತ್ತೆ.

ಆರನೇದು ಚಕ್ಕಿನ ಹಿಡಿತ. ನಮ್ಮ ತ್ರೀ ಜಾ ಚಕ್ಕಿಗೆ ಈ ಜಾಬಿಗೆ 30 ಎಂಎಂ.

ಈಗ ಕೂಡಿಸಿ:

2 + 62 + 1 + 3 + 5 + 30 = 103 ಎಂಎಂ

62ರ ಪಿನ್ನಿಗೆ 103 ಎಂಎಂ ತುಂಡು. ಇದರಲ್ಲಿ ಮೊದಲ ಐದು ಸೇರಿ 73. ಅಂದರೆ ಚಕ್ಕಿನಿಂದ 73 ಎಂಎಂ ಹೊರಗೆ ಬಂದಿರಬೇಕು. ಕಟ್ಟಿದ ಮೇಲೆ ಜಾ ಮುಖಕ್ಕೆ ಸ್ಕೇಲ್ ತಾಗಿಸಿ 73 ಇದೆಯಾ ಅಂತ ನೋಡಿ, ಆಮೇಲೆ ಕೈಯಿಂದ ಚಕ್ಕನ್ನು ಒಂದು ಸುತ್ತು ತಿರುಗಿಸಿ, ಚಕ್ ಕೀ ತೆಗೆದಿಟ್ಟು ಮೆಷಿನ್ ಹಾಕಿ. 45ರ ರಾಡಿಗೆ 73 ಹೊರಗೆ ಅಂದರೆ ವ್ಯಾಸದ ಎರಡರಷ್ಟೂ ಇಲ್ಲ, ಪರವಾಗಿಲ್ಲ. ವ್ಯಾಸದ ಮೂರರಷ್ಟು ದಾಟಿದರೆ ಟೇಲ್‌ಸ್ಟಾಕ್ ಸೆಂಟರ್ ಕೊಡಬೇಕಾಗುತ್ತೆ, ಆಗ ಸೆಂಟರ್ ತೂತಿಗೂ ಉದ್ದದಲ್ಲಿ ಜಾಗ ಯೋಚಿಸಬೇಕು.

ಸ್ಟೋರ್‌ನವರು ಇಲ್ಲೇ ಜಗಳ ತೆಗೆಯೋದು. "62ರ ಪೀಸಿಗೆ 103 ಯಾಕಯ್ಯಾ, 85 ಕೊಡ್ತೀನಿ ಅಡ್ಜಸ್ಟ್ ಮಾಡ್ಕೊ" ಅಂತಾರೆ. ಅಡ್ಜಸ್ಟ್ ಮಾಡೋಕೆ ಹೋದರೆ ಏನಾಗುತ್ತೆ ನೋಡಿ. ಫೇಸಿಂಗ್ ಕಡಿಮೆ ಮಾಡೋಕಾಗಲ್ಲ, ಜಾಬಿನ ಉದ್ದ ಕಡಿಮೆ ಮಾಡೋಕಾಗಲ್ಲ, ಟೂಲ್ ತೆಳ್ಳಗಾಗಲ್ಲ. ಕಡಿಮೆ ಆಗೋದು ಹಿಡಿತ ಒಂದೇ. 85ರಲ್ಲಿ 73 ಕಳೆದರೆ ಉಳಿಯೋದು 12.

ನಾನು ಹೊಸಬನಿದ್ದಾಗ ಒಂದು ವರ್ಕ್‌ಶಾಪಿನಲ್ಲಿ ಹೀಗೇ 12 ಹಿಡಿತದಲ್ಲಿ ಕಟ್ಟಿದೆ. ಟರ್ನಿಂಗ್ ಹೇಗೋ ಮುಗೀತು. ಪಾರ್ಟಿಂಗ್ ಅರ್ಧಕ್ಕೆ ಬಂದಾಗ ಸದ್ದು ಬದಲಾಯ್ತು. ಗರ್ ಅಂತಿದ್ದದ್ದು ಕಟಕಟ ಅಂತು. ನಾನು ಫೀಡ್ ಬಿಡೋ ಮೊದಲೇ ಜಾಬ್ ಓರೆಯಾಗಿ ಟೂಲನ್ನು ಕಚ್ಚಿಕೊಂಡಿತು. ಟೂಲ್ ಮುರಿದು ಒಂದು ಚೂರು ಕನ್ನಡಕದ ಪಕ್ಕ ಕೆನ್ನೆ ಸೀಳಿತು. ನಾಲ್ಕು ಹೊಲಿಗೆ. ಉಳಿಸಿದ್ದು 18 ಎಂಎಂ ರಾಡು. 45ರ ಸ್ಟೀಲ್ ರಾಡ್ ಮೀಟರಿಗೆ ಹನ್ನೆರಡೂವರೆ ಕೆ.ಜಿ. ತೂಗುತ್ತೆ, 18 ಎಂಎಂ ಅಂದರೆ ಕಾಲು ಕೆ.ಜಿ.ಗಿಂತ ಕಡಿಮೆ.

ಹಿಡಿತದ ಬಗ್ಗೆ ಇನ್ನೊಂದು ಮಾತು. ಹಳೇ ಚಕ್ಕಿನ ಜಾ ಮುಂದಿನ ತುದಿಯಲ್ಲಿ ಸವೆದು ಬಾಯಿ ಅಗಲವಾಗಿರುತ್ತೆ. ನೀವು 30 ಒಳಗೆ ಹಾಕಿದರೂ ಹಿಡಿಯೋದು ಹಿಂದಿನ ಸ್ವಲ್ಪ ಭಾಗ ಮಾತ್ರ. ಜಾಬ್ ಬಿಚ್ಚಿದ ಮೇಲೆ ರಾಡಿನ ಮೇಲೆ ಜಾ ಗುರುತು ನೋಡಿ. ಉದ್ದಕ್ಕೂ ಒಂದೇ ಸಮ ಇದ್ದರೆ ಸರಿ. ಹಿಂದೆ ಮಾತ್ರ ಗುರುತಿದ್ದರೆ ಆ ಚಕ್ಕಿಗೆ ಹಿಡಿತ ಜಾಸ್ತಿ ಕೊಟ್ಟು ಸುಮ್ಮನಾಗಬೇಡಿ, ಜಾ ಸರಿಮಾಡಿಸಿ ಅಂತ ಫೋರ್‌ಮನ್‌ಗೆ ಹೇಳಿ.

ಇನ್ನು ಪಾರ್ಟಿಂಗ್ ಟೂಲಿನ ಅಗಲ ಎರಡು ಸಲ ಲೆಕ್ಕಕ್ಕೆ ಬರುತ್ತೆ. ರಾಡ್ ಕತ್ತರಿಸುವಾಗ ಒಂದು ಸಲ, ಟೂಲ್ ಕೂರಿಸುವಾಗ ಇನ್ನೊಂದು ಸಲ. ರಾಡ್ ಸರಿಯಾಗಿ ತಂದು ಟೂಲ್ ಕೂರಿಸೋದ್ರಲ್ಲಿ ಪೀಸ್ ಕೆಡಿಸಿದವನು ನಾನೇ. ಮುಂದಿನ ಮುಖ ಫೇಸಿಂಗ್ ಆದ ಮೇಲೆ ಪಾರ್ಟಿಂಗ್ ಟೂಲನ್ನು ಆ ಮುಖಕ್ಕೆ ತಾಗಿಸಿ ಸೊನ್ನೆ ಇಟ್ಟೆ. ಆಗ ತಾಗೋದು ಟೂಲಿನ ಎಡ ಪಕ್ಕ, ಚಕ್ ಕಡೆಯ ಪಕ್ಕ. ಪೀಸು 62, ಹಿಂದಿನ ಫೇಸಿಂಗಿಗೆ 1, ಸೇರಿ 63 ಅಂತ ಕ್ಯಾರೇಜ್ 63 ಸರಿಸಿ ಪಾರ್ಟಿಂಗ್ ಹೊಡೆದೆ. ಎಡ ಪಕ್ಕ 63ರಲ್ಲಿದ್ದರೆ ಬಲ ಪಕ್ಕ 60ರಲ್ಲಿ. ಪೀಸನ್ನು ಕತ್ತರಿಸೋದು ಬಲ ಪಕ್ಕ. 60ರ ಪಿನ್ ಕೈಗೆ ಬಂತು, ಅದೂ ಹಿಂದಿನ ಮುಖ ಫೇಸಿಂಗ್ ಆಗೋ ಮೊದಲೇ. ಸರಿಸಬೇಕಾದ್ದು 62 + 1 + 3 = 66. ಟೂಲ್ ಒಳಗೆ ಬಿಡೋ ಮೊದಲು ರಾಡಿನ ಮೈ ಮೇಲೆ ಸಣ್ಣ ಗೆರೆಯಷ್ಟು ತಾಗಿಸಿ, ಮೆಷಿನ್ ನಿಲ್ಲಿಸಿ, ಮುಂದಿನ ಮುಖದಿಂದ ಗೆರೆಯ ಬಲ ಅಂಚಿಗೆ ಅಳೆಯಿರಿ. 63 ಬಂದರೆ ಮುಂದುವರಿಸಿ.

ಕೆಲವರು ಕೇಳ್ತೀರಿ, "ಅಣ್ಣಾ, ಗೇಣುದ್ದ ತುಂಡೂ ಇಲ್ಲ, 65 ಎಂಎಂ ಮಾತ್ರ ಇದೆ, ಆಗಲ್ವಾ?" ಆಗುತ್ತೆ, ಆದರೆ ಬೇರೆ ದಾರಿ. ಪಾರ್ಟಿಂಗ್ ಇಲ್ಲ. ಎರಡೂ ಗರಗಸದ ಮುಖ ತೆಗೆಯೋಕೆ 3 ಎಂಎಂ ಅಲ್ಲೇ ಮುಗೀತು. ತಲೆಯ 12 ಎಂಎಂ ಹಿಡಿದು ಕಾಂಡ ಟರ್ನ್ ಮಾಡಬೇಕು, ಅದು ಕಡಿಮೆ ಹಿಡಿತ, ಸೆಂಟರ್ ಕೊಡಲೇಬೇಕು. ಆಮೇಲೆ ಕಾಂಡಕ್ಕೆ ತಾಮ್ರದ ಪಟ್ಟಿ ಸುತ್ತಿ ತಿರುಗಿಸಿ ಕಟ್ಟಿ ತಲೆ ಟರ್ನ್ ಮಾಡಬೇಕು. ಎರಡು ಸೆಟ್ಟಿಂಗ್ ಆಯ್ತು, ತಲೆಯೂ ಕಾಂಡವೂ ಒಂದೇ ಸೆಂಟರಿಗೆ ಬರೋದು ಚಕ್ ಎಷ್ಟು ಸರಿ ಇದೆ ಅನ್ನೋದರ ಮೇಲೆ ನಿಂತಿತು. ನಮ್ಮ ಡ್ರಾಯಿಂಗ್ ಅದಕ್ಕೆ ಒಪ್ಪಲ್ಲ.

ರಾಡ್ ಉಳಿಸಬೇಕು ಅಂದರೆ ಹಿಡಿತ ಕಡಿಮೆ ಮಾಡೋದಲ್ಲ, ಹಿಡಿತವನ್ನು ಹಂಚಿಕೊಳ್ಳೋದು ದಾರಿ. ಹದಿನಾಲ್ಕು ಪಿನ್ ಬೇಕು ಅಂತಿಟ್ಟುಕೊಳ್ಳಿ. ಒಂದೊಂದಾಗಿ ಕತ್ತರಿಸಿದರೆ 103ರಂತೆ 1442 ಎಂಎಂ, ಗರಗಸ ತಿಂದದ್ದು ಬೇರೆ. ಸ್ಪಿಂಡಲ್ ತೂತಿನೊಳಗೆ 45ರ ರಾಡ್ ಹೋಗುವ ಲೇತ್ ಆದರೆ ಒಂದು ಮೀಟರ್ ರಾಡನ್ನೇ ಒಳಗೆ ಹಾಕಿ. ಮೊದಲ ಪೀಸ್ ಆದ ಮೇಲೆ ಮುಂದಿನ ಮುಖ ಪಾರ್ಟಿಂಗ್ ಆದ ಮುಖ, ಅದಕ್ಕೆ 1 ಎಂಎಂ ಸಾಕು. ಹಾಗಾಗಿ ಒಂದೊಂದು ಪೀಸಿಗೆ 1 + 62 + 1 + 3 = 67. ಹದಿನಾಲ್ಕಕ್ಕೆ 938, ಮೊದಲ ಮುಖಕ್ಕೆ ಹೆಚ್ಚಿಗೆ 1, ಕೊನೆಯಲ್ಲಿ ಸಂದು ಮತ್ತು ಹಿಡಿತ 35. ಒಟ್ಟು 974. ಒಂದು ಮೀಟರಿನಲ್ಲಿ ಮುಗೀತು.

ಆದರೆ ಎರಡು ಎಚ್ಚರಿಕೆ. ರಾಡಿನ ಬಾಲ ಹೆಡ್‌ಸ್ಟಾಕಿನ ಹಿಂದೆ ಹೊರಗೆ ಚಾಚಿರಬಾರದು. ಆಸರೆ ಇಲ್ಲದ ಬಾಲ ಸ್ಪೀಡಿನಲ್ಲಿ ಬಾಗಿ ಚಾಟಿಯಂತೆ ಬೀಸುತ್ತೆ, ಆ ಕಡೆ ನಿಂತವನಿಗೆ ಉಳಿಗಾಲ ಇಲ್ಲ. ನಿಮ್ಮ ಲೇತಿಗೆ ಒಂದು ಮೀಟರ್ ಜಾಸ್ತಿಯಾದರೆ ಅರ್ಧ ಅರ್ಧ ಕತ್ತರಿಸಿ. ಆಗ ಹಿಡಿತ ಎರಡು ಸಲ ಹೋಗುತ್ತೆ, ಹದಿನಾಲ್ಕರ ಬದಲು ಹನ್ನೆರಡೇ ಬರುತ್ತೆ ಅಂತ ಮೊದಲೇ ಹೇಳಿಬಿಡಿ.

ಎರಡನೇದು, ಹದಿನಾಲ್ಕು ಮುಗಿದ ಮೇಲೆ ಕೈಯಲ್ಲಿ 61 ಎಂಎಂ ತುಂಡು ಉಳಿಯುತ್ತೆ. ನೋಡೋಕೆ ಇನ್ನೊಂದು ಪಿನ್ ತರಹವೇ ಇರುತ್ತೆ. "ಇದರಲ್ಲೊಂದು ಹೊಡಿ" ಅಂತ ಫೋರ್‌ಮನ್ ಹೇಳ್ತಾರೆ. ಪಿನ್ನಿಗೆ 62 ಬೇಕು, ಇದು 61. ಸ್ಕೇಲ್ ಇಟ್ಟು ತೋರಿಸಿ, ಸಿಟ್ಟು ಮಾಡಬೇಡಿ.

ಕೊನೇದಾಗಿ, ಈ ಲೆಕ್ಕವನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಜಾಬ್ ಕಾರ್ಡಿನ ಹಿಂದೆ ಆರೂ ಅಂಕಿ ಬಿಡಿಬಿಡಿಯಾಗಿ ಬರೆದು ಕೂಡಿಸಿ, ಸ್ಟೋರ್‌ನವರ ಸಹಿ ತಗೊಳ್ಳಿ. ಬರೀ 103 ಅಂತ ಬರೆದರೆ ಯಾರಾದರೂ ಹೊಡೆದುಹಾಕಿ 85 ಮಾಡ್ತಾರೆ. ಆರು ಅಂಕಿ ಬರೆದಿದ್ದರೆ ಯಾವುದನ್ನು ಕಡಿಮೆ ಮಾಡಲಿ ಅಂತ ಅವರೇ ಹೇಳಬೇಕಾಗುತ್ತೆ. ನಾಳೆ ಮೆಟೀರಿಯಲ್ ಜಾಸ್ತಿ ಹೋಯ್ತು ಅಂತ ನಿಮ್ಮ ಮೇಲೆ ಮಾತು ಬಂದರೂ ಆ ಕಾರ್ಡ್ ನಿಮ್ಮ ಪರವಾಗಿ ಇರುತ್ತೆ.

ಈಗ ಪೆನ್ನು ಇರೋರು ತೆಗೀರಿ. ನಿಮ್ಮ ನಿಮ್ಮ ಮೆಷಿನ್ ಮೇಲೆ ಈ ವಾರ ಇರೋ ಒಂದೊಂದು ಜಾಬ್ ಹೇಳಿ, ಇಲ್ಲೇ ಕೂಡಿಸಿ ನೋಡೋಣ.